ಆರಾಮಾಗಿದ್ದೇನೆ, ಇಷ್ಟು ಸಾಕಲ್ಲ!

‘ಆತ್ಮೀಯರೇ, ನಮ್ಮ ತಾಯಿಯವರಿಗೆ ಎರಡು ವರ್ಷದಿಂದ ವಿಪರೀತ ರಕ್ತಸ್ರಾವವಾಗುತ್ತಿದ್ದು, ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಹಿಮೋಗ್ಲೋಬಿನ್ 6ಕ್ಕೆ ಇಳಿದಿದ್ದರಿಂದ ಎರಡು ಬಾಟಲಿ ರಕ್ತ ಕೊಡಿಸಬೇಕಾಯಿತು. ಕಳೆದ ಗುರುವಾರ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಯಶಸ್ವಿಯಾಗಿ ನೆರವೇರಿತು. ಕಷ್ಟಕಾಲದಲ್ಲಿ 50 ಸಾವಿರ ಕೊಟ್ಟು ಕೈಹಿಡಿದ ಮಾವನವರಿಗೆ, ರಕ್ತ ಕೊಟ್ಟ ಇಬ್ಬರು ಗೆಳೆಯರಿಗೆ, ಹಗಲಿರುಳು ನೋಡಿಕೊಂಡ ಚಿಕ್ಕಮ್ಮನಿಗೆ ನಾವು ಚಿರಋಣಿ. ಅಮ್ಮ ಈಗ ಸಂಪೂರ್ಣ ಗುಣಮುಖರಾಗಿದ್ದಾರೆ. ನಿಮ್ಮೆಲ್ಲರ ಹಾರೈಕೆಯಿಂದ ಅವರಿಗೆ ಪುನರ್ಜನ್ಮ ಸಿಕ್ಕಿದೆ.’

ಕೆಳಗೆ ಎರಡು ಫೋಟೊ. ಒಂದರಲ್ಲಿ ಆಸ್ಪತ್ರೆಯ ಹಸಿರು ಗೌನಿನಲ್ಲಿ ಮಲಗಿರುವ ಅಮ್ಮ, ಕೈಗೆ ಡ್ರಿಪ್ಪು. ಇನ್ನೊಂದರಲ್ಲಿ ಗಾಲಿಕುರ್ಚಿಯಲ್ಲಿ ಕೂತು ಹೊರಗೆ ಬರುತ್ತಿರುವ ಅಮ್ಮ, ಮಡಿಲಲ್ಲಿ ಡಿಸ್ಚಾರ್ಜ್ ಫೈಲು.

ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ತನ್ನ ಅಮ್ಮನ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆಂದು ಬರೆದಿಟ್ಟು, ‘ಕಾಗುಣಿತ ಒಂಚೂರು ನೋಡಿಬಿಡು’ ಎಂದು ನನಗೆ ಕಳಿಸಿದ್ದ ಬರಹ ಇದು. ಕಾಗುಣಿತ ಸರಿಯಾಗಿಯೇ ಇತ್ತು. ಅಮ್ಮ ಪ್ರೌಢಶಾಲೆಯ ಟೀಚರು. (ಊರನ್ನು, ಸಂಬಂಧಗಳನ್ನು, ಆಪರೇಷನ್ನಿನ ಹೆಸರನ್ನು ಕೂಡ ಬದಲಿಸಿ ಬರೆಯುತ್ತಿದ್ದೇನೆ. ಹಾಗೆ ಮಾಡದಿದ್ದರೆ ಈ ಲೇಖನ ಬರೆಯುವ ಅರ್ಹತೆಯೇ ನನಗಿರುವುದಿಲ್ಲ.) ಮಗ ಅದನ್ನು ಅಮ್ಮನಿಗೂ ಓದಿ ಹೇಳಿದಾಗ ಆಕೆ ಅಂದದ್ದು ಒಂದೇ ಮಾತು: ‘ಇದನ್ನ ನಮ್ಮ ಹೆಡ್‌ಮಾಸ್ಟ್ರು ಓದ್ತಾರೆ ಕಣೋ.’

ಮಗನಿಗೆ ಆ ಮಾತು ತಕ್ಷಣಕ್ಕೆ ಅರ್ಥವಾಗಲಿಲ್ಲ. ಅವನ ಮಟ್ಟಿಗೆ ಅದೊಂದು ಕೃತಜ್ಞತೆಯ ಪತ್ರ. ಎಷ್ಟು ದೊಡ್ಡ ಗಂಡಾಂತರವಿತ್ತು ಎಂದು ಹೇಳದೆ ಹೋದರೆ ಸಹಾಯ ಮಾಡಿದವರ ದೊಡ್ಡತನ ಹೇಗೆ ಗೊತ್ತಾಗಬೇಕು ಎನ್ನುವುದು ಅವನ ವಾದ. ಕಾಯಿಲೆಯಿಂದ ಎದ್ದುಬಂದವರ ಸ್ಟೇಟಸ್ಸುಗಳು ಕೆಡುವುದು ಬಹುತೇಕ ಇದೇ ಜಾಗದಲ್ಲಿ. ಹೇಳಬೇಕಾದ್ದು ಥ್ಯಾಂಕ್ಸು, ಹೇಳಿಬಿಡುವುದು ಕೇಸ್ ಶೀಟು. ಮಾವನಿಗೆ, ಚಿಕ್ಕಮ್ಮನಿಗೆ, ರಕ್ತ ಕೊಟ್ಟ ಗೆಳೆಯರಿಗೆ ವಿಷಯ ಮೊದಲೇ ಗೊತ್ತಿದೆ. ಗೊತ್ತಿಲ್ಲದವರಿಗೆ ಅದು ಬೇಕಾಗಿಲ್ಲ. ಹಾಗಾದರೆ ಹಿಮೋಗ್ಲೋಬಿನ್ ಲೆಕ್ಕ ಯಾರಿಗಾಗಿ?

ಓದುವವರು ಯಾರು?

ಕಾರ್ಡು, ಇನ್ಲ್ಯಾಂಡ್ ಲೆಟರು ಬರೆಯುತ್ತಿದ್ದ ತಲೆಮಾರಿಗೆ ಈ ವಿವೇಕ ತಾನಾಗಿಯೇ ಇತ್ತು. ಕಾರ್ಡನ್ನು ಪೋಸ್ಟ್‌ಮ್ಯಾನೂ ಓದುತ್ತಾನೆ, ಪಕ್ಕದ ಮನೆಯವರೂ ಓದುತ್ತಾರೆ ಎಂದು ಗೊತ್ತಿದ್ದುದರಿಂದ ಅದರಲ್ಲಿ ‘ನಾವೆಲ್ಲ ಕ್ಷೇಮ, ಅಮ್ಮ ಈಗ ಹುಷಾರಾಗಿದ್ದಾಳೆ’ ಎಂದಷ್ಟೇ ಇರುತ್ತಿತ್ತು. ಹೊಟ್ಟೆಯೊಳಗಿನ ಮಾತಿದ್ದರೆ ಅಂಟಿಸಿದ ಇನ್ಲ್ಯಾಂಡು. ಸ್ಟೇಟಸ್ ಎನ್ನುವುದು ಕಾರ್ಡು. ನಾವು ಅದರಲ್ಲಿ ಇನ್ಲ್ಯಾಂಡಿನ ಮಾತು ಬರೆಯುತ್ತಿದ್ದೇವೆ.

ವಾಟ್ಸ್‌ಆ್ಯಪ್ ಸ್ಟೇಟಸ್ಸು 24 ಗಂಟೆ ಇದ್ದು ಮಾಯವಾಗುತ್ತದೆ. ನಾವೇನೂ ಬದಲಿಸದಿದ್ದರೆ ಅದು ಹೋಗುವುದು ನಮ್ಮ ಫೋನಿನಲ್ಲಿ ಹೆಸರು ಸೇವ್ ಆಗಿರುವ ಎಲ್ಲರಿಗೆ. ಅವರ ಫೋನಿನಲ್ಲೂ ನಮ್ಮ ನಂಬರು ಸೇವ್ ಆಗಿದ್ದರೆ ಅವರಿಗದು ಕಾಣಿಸುತ್ತದೆ. ಟೀಚರ ಫೋನಿನಲ್ಲಿ ಯಾರೆಲ್ಲ ಇದ್ದಾರೆ ಎಂದು ನೋಡುತ್ತಾ ಹೋದರೆ ಕಾಂಟ್ಯಾಕ್ಟ್ ಪಟ್ಟಿ ಎನ್ನುವುದು ಬಂಧುಬಳಗದ ಪಟ್ಟಿಯಲ್ಲ ಎಂದು ಹೊಳೆಯುತ್ತದೆ. ಹೆಡ್‌ಮಾಸ್ಟರು, ಬಿಇಒ ಆಫೀಸಿನ ಗುಮಾಸ್ತರು, ಹತ್ತನೇ ತರಗತಿ ಮಕ್ಕಳ ಅಪ್ಪಂದಿರು, ಹಳೆಯ ವಿದ್ಯಾರ್ಥಿಗಳು, ಗ್ಯಾಸ್ ಸಿಲಿಂಡರ್ ತರುವ ಹುಡುಗ, ಮೇಲಿನ ಮನೆಯ ಬಾಡಿಗೆದಾರ, ಎಲ್ಐಸಿ ಏಜೆಂಟು, ಮಗಳಿಗೆ ಗಂಡು ಹುಡುಕಲೆಂದು ನಂಬರು ಕೊಟ್ಟಿದ್ದ ಮದುವೆ ಬ್ರೋಕರು. ಇವರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಹತ್ತನೇ ತರಗತಿ ಹುಡುಗನ ಅಪ್ಪನಿಗೆ ಮಿಸ್ಸಿನ ರಕ್ತಸ್ರಾವದ ವಿಚಾರ ತಿಳಿಯಬೇಕಾದ ಅಗತ್ಯವೇನು? ಆ ಫೋನನ್ನು ಸಂಜೆ ಹಿಡಿದು ಕೂರುವವನು ಅಪ್ಪನೋ ಮಗನೋ ಎಂಬುದೂ ಎಲ್ಲ ಮನೆಗಳ ಅನುಭವ.

ಇದಕ್ಕೆ ಪರಿಹಾರ ಫೋನಿನಲ್ಲೇ ಇದೆ. ಸ್ಟೇಟಸ್ ಪ್ರೈವಸಿ ಎಂಬಲ್ಲಿ ಮೂರು ಆಯ್ಕೆ ಸಿಗುತ್ತವೆ: My contacts ಎಂದರೆ ಎಲ್ಲರಿಗೂ, My contacts except ಎಂದರೆ ಕೆಲವರನ್ನು ಬಿಟ್ಟು ಉಳಿದವರಿಗೆ, Only share with ಎಂದರೆ ನಾವು ಆರಿಸಿದವರಿಗೆ ಮಾತ್ರ. ಕಾಯಿಲೆಯ ವಿಷಯಕ್ಕೆ ಎರಡನೆಯ ಆಯ್ಕೆ ಅಷ್ಟು ಒಳ್ಳೆಯದಲ್ಲ. ಬಿಡಬೇಕಾದವರ ಹೆಸರನ್ನು ಹುಡುಕಿ ಹುಡುಕಿ ಗುರುತು ಹಾಕುವಾಗ ಒಬ್ಬರು ತಪ್ಪಿಹೋಗುತ್ತಾರೆ, ಅದೂ ಸಾಮಾನ್ಯವಾಗಿ ತಪ್ಪಬಾರದವರೇ. ಬೇಕಾದವರನ್ನು ಆರಿಸುವುದು ಸುಲಭ. ಅಲ್ಲಿ ಮರೆತರೆ ಹೋಗುವುದು ಒಂದು ಥ್ಯಾಂಕ್ಸು ಅಷ್ಟೇ, ಅದನ್ನು ಮಾರನೇ ದಿನ ಹೇಳಬಹುದು. ಇನ್ನೊಂದು ಸಂಗತಿಯನ್ನು ಗಮನದಲ್ಲಿಡಬೇಕು: ಈ ಬದಲಾವಣೆಯನ್ನು ಸ್ಟೇಟಸ್ ಹಾಕುವ ಮುಂಚೆಯೇ ಮಾಡಬೇಕು. ಹಾಕಿದ ಮೇಲೆ ಆಯ್ಕೆ ಬದಲಿಸಿದರೆ ಆಗಲೇ ಹೋಗಿರುವ ಸ್ಟೇಟಸ್ಸಿಗೆ ಅದು ಅನ್ವಯಿಸುವುದಿಲ್ಲ. ಅಳಿಸಿ, ಬದಲಿಸಿ, ಮತ್ತೆ ಹಾಕಬೇಕು. ಮರೆಯಬಾರದ ಮಾತೊಂದಿದೆ: ಯಾರಾದರೂ ಸ್ಕ್ರೀನ್‌ಶಾಟ್ ತೆಗೆದರೆ ನಮಗೆ ಗೊತ್ತಾಗುವುದಿಲ್ಲ. ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಹಾಗಿದ್ದೂ ಫೇಸ್‌ಬುಕ್ಕಿಗಿಂತ ವಾಟ್ಸ್‌ಆ್ಯಪ್ ಸ್ಟೇಟಸ್ಸೇ ವಾಸಿ ಎನ್ನುತ್ತೇನೆ, ಒಂದು ಕಾರಣಕ್ಕೆ. ಸ್ಟೇಟಸ್ಸಿಗೆ ಯಾರಾದರೂ ಉತ್ತರ ಬರೆದರೆ ಅದು ಹಾಕಿದವರ ಇನ್‌ಬಾಕ್ಸಿಗೆ ಮಾತ್ರ ಬರುತ್ತದೆ. ಫೇಸ್‌ಬುಕ್ಕಿನಲ್ಲಿ ನೀವು ಎಷ್ಟೇ ಎಚ್ಚರದಿಂದ ‘ಸಣ್ಣ ಚಿಕಿತ್ಸೆ ಆಗಿತ್ತು, ಈಗ ಆರಾಮ’ ಎಂದು ಬರೆಯಿರಿ, ಕೆಳಗೆ ದೂರದ ಸೋದರಳಿಯನೊಬ್ಬ ಬಂದು ‘ಅತ್ತೆ, ಗರ್ಭಕೋಶ ತೆಗೆಸಿದ ಮೇಲೆ ನನ್ನ ಹೆಂಡತಿಗೂ ಹೀಗೇ ಸುಸ್ತಿತ್ತು, ಭಾರ ಎತ್ತಬೇಡಿ’ ಎಂದು ಅಕ್ಕರೆಯಿಂದಲೇ ಬರೆದುಹೋಗಿರುತ್ತಾನೆ. ಅತ್ತೆಯ ಗುಟ್ಟಿನ ಜತೆ ಅವನ ಹೆಂಡತಿಯ ಗುಟ್ಟೂ ಬಯಲು. ಅಳಿಸಬಹುದು, ನಿಜ. ನೀವು ಮಾತ್ರೆ ನುಂಗಿ ಮಲಗಿರುವ ಹೊತ್ತಿನಲ್ಲಿ ಅದು ಎಷ್ಟು ಜನರ ಕಣ್ಣಿಗೆ ಬಿತ್ತೋ!

ಒಂದೊಂದೇ ಸಾಲು ಹೊಡೆದು ಹಾಕುತ್ತಾ

ಗೆಳೆಯನ ಬರಹವನ್ನು ಅವನ ಜೊತೆ ಫೋನಿನಲ್ಲಿ ಕೂತು ತಿದ್ದಿದೆ. ಮೊದಲು ಬದಲಾದದ್ದು ಹೇಳುವವರ ದನಿ. ‘ನಮ್ಮ ತಾಯಿಯವರಿಗೆ’ ಎಂದು ಮಗ ಬರೆದಾಗ ಅಮ್ಮ ಸುದ್ದಿಯ ವಸ್ತುವಾಗುತ್ತಾರೆ. ಪ್ರಜ್ಞೆ ಇದೆ, ಮಾತು ಬರುತ್ತದೆ, ಮೊಬೈಲು ಒತ್ತಲು ಬರುತ್ತದೆ ಎಂದಾದ ಮೇಲೆ ಮೈ ಯಾರದೋ ಮಾತೂ ಅವರದೇ ಆಗಲಿ. ಕೈಗೆ ಕ್ಯಾನುಲ ಚುಚ್ಚಿದ್ದರೆ ಮಗ ಟೈಪು ಮಾಡಲಿ, ಆದರೆ ‘ನಾನು’ ಎಂದೇ ಬರೆಯಲಿ, ಹಾಕುವ ಮುಂಚೆ ಓದಿ ಹೇಳಲಿ. ಓದಿ ಹೇಳುವ ಆ ಒಂದು ನಿಮಿಷ ಎಷ್ಟೋ ಸಂಗತಿಗಳನ್ನು ಉಳಿಸುತ್ತದೆ. ಹೆಡ್‌ಮಾಸ್ಟರ ನೆನಪು ಟೀಚರಿಗೆ ಬಂದದ್ದು ಆಗಲೇ.

ಆಮೇಲೆ ರಕ್ತಸ್ರಾವ, ಗಡ್ಡೆ, ಹಿಮೋಗ್ಲೋಬಿನ್, ಬಾಟಲಿ ಲೆಕ್ಕ ಎಲ್ಲವೂ ಹೋಯಿತು. ಇಲ್ಲಿ ಗೆಳೆಯ ಸ್ವಲ್ಪ ಜಗ್ಗಾಡಿದ. ‘ಏನೂ ಹೇಳದಿದ್ದರೆ ಜನ ಏನೇನೋ ಊಹಿಸಿಕೊಳ್ಳುತ್ತಾರೆ’ ಎಂದ. ಆ ಭಯ ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ವಿವರ ಕೊಡುವುದರಿಂದ ಊಹೆ ನಿಲ್ಲುವುದಿಲ್ಲ, ಹೆಚ್ಚುತ್ತದೆ. ‘ಗಡ್ಡೆ’ ಎಂದು ಬರೆದರೆ ಓದುವವರ ತಲೆಯಲ್ಲಿ ತಕ್ಷಣ ಬರುವ ಪದ ಕ್ಯಾನ್ಸರ್. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ ಎಂದು ಎಲ್ಲರಿಗೂ ಪಾಠ ಹೇಳುತ್ತಾ ಕೂರಲಾದೀತೆ? ‘ಎರಡು ವರ್ಷದಿಂದ’ ಎಂಬ ಪದವಂತೂ ಇನ್ನೊಂದು ರೀತಿಯಲ್ಲಿ ಅಪಾಯದ್ದು. ಆರೋಗ್ಯ ವಿಮೆ ಮಾಡಿಸುವವರಿಗೆ ಮೊದಲೇ ಇದ್ದ ಕಾಯಿಲೆಗಳನ್ನು ಅರ್ಜಿಯಲ್ಲಿ ತಿಳಿಸಬೇಕು ಎಂಬ ನಿಯಮವಿದೆ. ಅದನ್ನು ಅಲ್ಲಿ ಪ್ರಾಮಾಣಿಕವಾಗಿ, ಡಾಕ್ಟರ ಕಾಗದದ ಪ್ರಕಾರ ತಿಳಿಸಬೇಕು. ಮಗ ಭಾವಾವೇಶದಲ್ಲಿ ಅಂದಾಜಿಗೆ ಬರೆದ ‘ಎರಡು ವರ್ಷ’ ಮತ್ತು ಕಾಗದದಲ್ಲಿರುವ ‘ಎಂಟು ತಿಂಗಳು’ ಒಂದಕ್ಕೊಂದು ತಾಳೆಯಾಗದಿದ್ದರೆ ವಿವರಣೆ ಕೊಡುವ ಕೆಲಸ ರೋಗಿಯದಾಗುತ್ತದೆ.

ಮಾವನ 50 ಸಾವಿರ ಹೋದದ್ದು ಮಾವನ ಸಲುವಾಗಿ. ಸಾಲ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಹೊರಗೆ ಹೇಳುವುದು ಗೌರವ ಎಂದು ತೆಗೆದುಕೊಂಡವರಿಗೆ ಅನ್ನಿಸಬಹುದು. ಕೊಟ್ಟವರ ಮನೆಯಲ್ಲಿ ಆ ವಿಷಯ ಗೊತ್ತಿದೆಯೋ ಇಲ್ಲವೋ? ಮಾವ ಅತ್ತೆಗೆ ಹೇಳದೆ ಚೀಟಿ ಎತ್ತಿ ಕೊಟ್ಟಿದ್ದರೆ ಆ ರಾತ್ರಿ ಅವರ ಮನೆಯಲ್ಲಿ ಊಟ ನೆಟ್ಟಗಾಗುವುದಿಲ್ಲ. ನಾಳೆ ಇನ್ನೊಬ್ಬ ನೆಂಟ ಬಂದು ‘ಅವರಿಗೆ ಐವತ್ತು ಕೊಟ್ಟಿರಂತೆ’ ಎಂದು ಕೈಚಾಚುವುದೂ ಇದೆ. ರಕ್ತ ಕೊಟ್ಟವರ ಹೆಸರೂ ಅಷ್ಟೇ. ಅವರನ್ನು ಕೇಳದೆ ಹಾಕಬಾರದು. ರಕ್ತದ ಗುಂಪಿನ ಹೆಸರಂತೂ ಬೇಡವೇ ಬೇಡ. ಅಪರೂಪದ ನೆಗೆಟಿವ್ ಗುಂಪಿನವರ ನಂಬರು ಒಮ್ಮೆ ಹರಿದಾಡಿದರೆ ಅಪರಾತ್ರಿಯಲ್ಲೂ ಕರೆ ಬರುತ್ತಿರುತ್ತದೆ.

ಹೆಸರುಗಳನ್ನು ಬರೆಯುವುದರಲ್ಲಿ ಇನ್ನೊಂದು ತೊಡಕಿದೆ, ಅದು ನಮ್ಮ ಕಡೆಯ ಎಲ್ಲ ಮದುವೆ ಪತ್ರಿಕೆಗಳ ತೊಡಕು. ಮೂರು ಹೆಸರು ಹಾಕಿದರೆ ನಾಲ್ಕನೆಯವರಿಗೆ ಮುಖ ಊದುತ್ತದೆ. ಆಸ್ಪತ್ರೆಗೆ ದಿನಾ ಗಂಜಿ ಕಳಿಸಿದ ಎದುರುಮನೆಯವರು, ಮನೆಯ ಹಸುವಿಗೆ ಮೇವು ಹಾಕಿದ ಹುಡುಗ, ಶಾಲೆಯಲ್ಲಿ ಪೀರಿಯಡ್ ಹಂಚಿಕೊಂಡು ತೆಗೆದುಕೊಂಡ ಇಬ್ಬರು ಸಹೋದ್ಯೋಗಿಗಳು ಗೆಳೆಯನ ಪಟ್ಟಿಯಲ್ಲಿ ಇರಲೇ ಇಲ್ಲ. ಅವನು ಬೆಂಗಳೂರಿನಲ್ಲಿದ್ದವನು, ಅವನಿಗೆ ಕಂಡದ್ದು ಆಸ್ಪತ್ರೆಯ ಬಾಗಿಲಿನ ಒಳಗಿನದು ಮಾತ್ರ. ಟೀಚರಿಗೆ ಎಲ್ಲ ಗೊತ್ತಿತ್ತು. ಸ್ಟೇಟಸ್ಸಿನಲ್ಲಿ ಯಾರ ಹೆಸರೂ ಬೇಡ, ಈ ಎಂಟೊಂಬತ್ತು ಜನಕ್ಕೆ ನಾನೇ ಒಬ್ಬೊಬ್ಬರಿಗೂ ಫೋನು ಮಾಡುತ್ತೇನೆ ಎಂದರು. ಸರಿಯಾದ ತೀರ್ಮಾನ. ದೊಡ್ಡ ಉಪಕಾರಕ್ಕೆ ಸ್ಟೇಟಸ್ಸಿನಲ್ಲಿ ಥ್ಯಾಂಕ್ಸ್ ಹೇಳಿ ಕೈತೊಳೆದುಕೊಳ್ಳುವುದು ಒಂದು ಬಗೆಯ ಜಿಪುಣತನ. ಸ್ಟೇಟಸ್ಸು ಇರುವುದು ‘ಹೇಗಿದ್ದೀರಿ’ ಎಂದು ಒಂದು ಮೆಸೇಜು ಹಾಕಿದ ಆ ನೂರಾರು ಜನಕ್ಕೆ, ಒಬ್ಬೊಬ್ಬರಿಗೂ ಉತ್ತರಿಸಲು ಸದ್ಯ ಮೈಯಲ್ಲಿ ಶಕ್ತಿಯಿಲ್ಲ ಎಂಬ ಕಾರಣಕ್ಕೆ.

ಡಾಕ್ಟರ ಹೆಸರನ್ನು ಏನು ಮಾಡುವುದು? ಅವರನ್ನು ಟ್ಯಾಗ್ ಮಾಡಿ ಹೊಗಳುವುದು ಈಗ ಚಾಲ್ತಿಯಲ್ಲಿದೆ. ಯಾವ ವಿಭಾಗದ ಡಾಕ್ಟರು ಎಂದು ಗೊತ್ತಾದರೆ ಕಾಯಿಲೆಯ ಅರ್ಧ ವಿಳಾಸ ಗೊತ್ತಾದಂತೆ. ಸ್ತ್ರೀರೋಗ ತಜ್ಞೆಗೆ, ಮನೋವೈದ್ಯರಿಗೆ, ಕ್ಯಾನ್ಸರ್ ತಜ್ಞರಿಗೆ ಥ್ಯಾಂಕ್ಸ್ ಹೇಳಿ ಕಾಯಿಲೆ ಮುಚ್ಚಿಡಲಾಗುವುದಿಲ್ಲ. ವೈದ್ಯರಿಗೂ ಇದು ಇಕ್ಕಟ್ಟಿನದೇ. ವೈದ್ಯರ ವೃತ್ತಿ ನಡವಳಿಕೆಗೆಂದು 2002ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ಮಾಡಿದ ನಿಯಮಗಳಲ್ಲಿ ತಾವು ಗುಣಪಡಿಸಿದ ಕೇಸುಗಳನ್ನು ಹೇಳಿಕೊಂಡು ಮೆರೆಯುವುದಾಗಲಿ, ಅಂಥ ವರದಿ ಪ್ರಕಟವಾಗಲು ಒಪ್ಪುವುದಾಗಲಿ ಕೂಡದು ಎಂದಿದೆ. ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆದು ಮುಂದಿನ ಸಲ ತೋರಿಸಲು ಹೋದಾಗ ಕೈಗೆ ಕೊಟ್ಟರೆ ಅವರಿಗೂ ಖುಷಿ. ನರ್ಸಮ್ಮನಿಗೆ, ಆಯಾಗೂ ಎರಡು ಮಾತು ಹೇಳಿಬರಬಹುದು; ಟ್ಯಾಗು ಅವರವರೆಗೆ ತಲುಪುವುದಿಲ್ಲ.

‘ಸಂಪೂರ್ಣ ಗುಣಮುಖ’ ಎಂಬ ಬಲೆ

ಗೆಳೆಯನ ಬರಹದಲ್ಲಿ ನನಗೆ ಎಲ್ಲಕ್ಕಿಂತ ಅಪಾಯದ್ದೆನಿಸಿದ್ದು ನೋಡಲು ಅತ್ಯಂತ ಮುಗ್ಧವಾದ ಸಾಲು: ‘ಅಮ್ಮ ಈಗ ಸಂಪೂರ್ಣ ಗುಣಮುಖರಾಗಿದ್ದಾರೆ.’ ಆಪರೇಷನ್ ಆಗಿ ಒಂದು ವಾರವೂ ಆಗಿರಲಿಲ್ಲ. ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದವರಿಗೆ ಸಾಮಾನ್ಯವಾಗಿ ಆರು ವಾರದವರೆಗೆ ಭಾರ ಎತ್ತಬೇಡಿ ಎನ್ನುತ್ತಾರೆ. ಸಂಪೂರ್ಣ ಗುಣಮುಖ ಎಂದು ಓದಿದ ಹೆಡ್‌ಮಾಸ್ಟರು ಸೋಮವಾರ ‘ಮೇಡಂ, ಎಸ್ಸೆಸ್ಸೆಲ್ಸಿ ಪ್ರಿಪರೇಟರಿ ಹತ್ರ ಬಂತಲ್ಲ’ ಎಂದು ಕೇಳಿದರೆ ಅವರದೇನೂ ತಪ್ಪಿಲ್ಲ. ನಾವೇ ಕೊಟ್ಟ ಸರ್ಟಿಫಿಕೇಟು ಅದು. ನೆಂಟರೂ ಅಷ್ಟೆ. ಗುಣವಾಗಿದ್ದಾರಂತೆ ಎಂದು ತಿಳಿದ ಕೂಡಲೇ ನೋಡಿಕೊಂಡು ಬರೋಣ ಎಂದು ಹೊರಡುತ್ತಾರೆ.

ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಒಂದು ಕರ್ತವ್ಯ. ಸೇಬು, ಮೂಸಂಬಿ, ಎಳನೀರು, ಹಾರ್ಲಿಕ್ಸು, ಬ್ರೆಡ್ಡು ಹಿಡಿದು ಬರುತ್ತಾರೆ. ಬಂದವರಿಗೆ ಕಾಫಿ ಮಾಡಿಕೊಡಬೇಕು. ಅದನ್ನು ಮಾಡಿಕೊಡುವವಳು ಮೂರು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗೆದ್ದ ಚಿಕ್ಕಮ್ಮ. ಬಂದವರು ಎದುರಿಗೆ ಕೂತು, ಇದೇ ಆಪರೇಷನ್ ಮಾಡಿಸಿಕೊಂಡು ಹೊಲಿಗೆ ಬಿಟ್ಟುಕೊಂಡ ಇನ್ನೊಬ್ಬಾಕೆಯ ಕಥೆಯನ್ನು ಸಾವಕಾಶವಾಗಿ ಹೇಳುತ್ತಾರೆ. ಹೊಲಿಗೆ ಹಸಿಯಿರುವಾಗ ಕೆಮ್ಮುತ್ತಾ ಬರುವ ನೆಂಟರು ಸೋಂಕನ್ನೂ ತರುತ್ತಾರೆ. ‘ಬರಬೇಡಿ’ ಎಂದು ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳುವುದು ಕಷ್ಟ, ಮುಖಕ್ಕೆ ಹೊಡೆದಂತಾಗುತ್ತದೆ. ಎಲ್ಲರಿಗೂ ಒಟ್ಟಿಗೆ, ಡಾಕ್ಟರ ಹೆಸರಿನಲ್ಲಿ ಹೇಳಿದರೆ ಯಾರಿಗೂ ತಾಗುವುದಿಲ್ಲ. ಥ್ಯಾಂಕ್ಸ್ ಹೇಳುವ ಸ್ಟೇಟಸ್ಸಿನ ನಿಜವಾದ ಉಪಯೋಗ ಇಲ್ಲಿದೆ.

ಇನ್ನೊಂದು ಎಚ್ಚರಿಕೆ ಸಮಯದ್ದು. ದೇಹದಿಂದ ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸುತ್ತಾರೆ. ಜನ ಅದನ್ನು ಬಯಾಪ್ಸಿ ಎಂದೇ ಕರೆಯುವುದು. ಅದರ ವರದಿ ಬರಲು ಕೆಲವು ದಿನ, ಕೆಲವೊಮ್ಮೆ ವಾರ ದಾಟುತ್ತದೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದಿರುತ್ತಾರೆ, ವರದಿ ಬಂದಿರುವುದಿಲ್ಲ. ಆ ನಡುವಿನ ದಿನಗಳಲ್ಲಿ ‘ಏನೂ ತೊಂದರೆಯಿಲ್ಲ, ಪುನರ್ಜನ್ಮ ಸಿಕ್ಕಿತು’ ಎಂದು ಹಾಕಿಬಿಟ್ಟರೆ, ವರದಿಯಲ್ಲಿ ಬೇರೇನಾದರೂ ಬಂದಾಗ ಎರಡನೇ ಸ್ಟೇಟಸ್ ಬರೆಯುವ ಸಂಕಟ ಎದುರಾಗುತ್ತದೆ. ಮನೆಗೆ ಬಂದದ್ದು ನಿಜ, ಅದನ್ನು ಹೇಳಿ. ಚೇತರಿಸಿಕೊಳ್ಳುತ್ತಿರುವುದು ನಿಜ, ಅದನ್ನೂ ಹೇಳಿ. ಉಳಿದದ್ದಕ್ಕೆ ಕಾಯಿರಿ.

ಇದನ್ನು ಚೆನ್ನಾಗಿ ನಿಭಾಯಿಸಿದ ಒಂದು ಉದಾಹರಣೆ ನಮ್ಮ ಕಣ್ಣೆದುರೇ ಇದೆ. ನಟ ಶಿವರಾಜ್‌ಕುಮಾರ್ 2024ರ ಕೊನೆಯ ತಿಂಗಳುಗಳಲ್ಲಿ ತಮಗೊಂದು ಆರೋಗ್ಯ ಸಮಸ್ಯೆಯಿದೆ, ಚಿಕಿತ್ಸೆ ನಡೆಯುತ್ತಿದೆ ಎಂದು ಮಾತ್ರ ಹೇಳಿದ್ದರು. ಕಾಯಿಲೆಯ ಹೆಸರು ಹೇಳಿರಲಿಲ್ಲ. ಡಿಸೆಂಬರ್ 24ರಂದು ಅಮೆರಿಕದ ಮಯಾಮಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದಾದ ಒಂದು ವಾರಕ್ಕೆ, 2025ರ ಜನವರಿ 1ರಂದು, ಪತ್ನಿ ಗೀತಾ ಅವರ ಜೊತೆ ಕೂತು ಮಾತಾಡಿದ ವಿಡಿಯೊ ಬಂತು. ವರದಿಗಳು ಕೈಗೆ ಬಂದು, ಕ್ಯಾನ್ಸರ್‌ಮುಕ್ತ ಎಂದು ಖಚಿತವಾದ ಮೇಲೆ ಹೇಳಿದ ಮಾತು ಅದು. ಅಭಿಮಾನಿಗಳಿಗೆ, ವೈದ್ಯರಿಗೆ, ಜೊತೆಗೆ ನಿಂತವರಿಗೆ ಅಲ್ಲಿ ಕೃತಜ್ಞತೆ ಹೇಳಿದರು. ಕಾಯಿಲೆ ಏನೆಂಬುದನ್ನು ತಮ್ಮದೇ ಬಾಯಿಂದ, ತಮಗೆ ಸಮಯ ಬಂದಾಗ ಹೇಳಿದರು. ಚಿತ್ರರಂಗದ ನಾಯಕನಿಗೆ ಹೆಸರು ಹೇಳದೆ ಬಹುಕಾಲ ಇರಲಾಗುವುದಿಲ್ಲ, ಗುಸುಗುಸು ಅದಕ್ಕಿಂತ ಕೆಟ್ಟದ್ದನ್ನು ಹುಟ್ಟಿಸುತ್ತದೆ. ಅವರು ಬಾಯಿಬಿಟ್ಟು ಹೇಳಿದ್ದರಿಂದ ಅದೇ ಕಾಯಿಲೆಯ ಇನ್ನಷ್ಟು ಜನರಿಗೆ ಧೈರ್ಯ ಬಂದಿರಲೂಬಹುದು.

2024ರಲ್ಲೇ ಬ್ರಿಟನ್ನಿನ ಯುವರಾಣಿ ಕೇಟ್ ಮಾರ್ಚ್ 22ರ ವಿಡಿಯೊದಲ್ಲಿ ತಮಗೆ ಕ್ಯಾನ್ಸರ್ ಇದ್ದದ್ದು ಪತ್ತೆಯಾಗಿದೆ, ಕಿಮೊಥೆರಪಿ ನಡೆಯುತ್ತಿದೆ ಎಂದರು. ಸೆಪ್ಟೆಂಬರಿನಲ್ಲಿ ಕಿಮೊಥೆರಪಿ ಮುಗಿಯಿತು ಎಂದರು. ಯಾವ ಭಾಗದ ಕ್ಯಾನ್ಸರ್ ಎಂಬುದನ್ನು ಎರಡೂ ಸಲ ಹೇಳಲಿಲ್ಲ. ಇಡೀ ಜಗತ್ತಿನ ಪತ್ರಿಕೆಗಳು ಬಾಗಿಲಲ್ಲಿ ಕಾಯುತ್ತಿದ್ದವರೇ ಅಷ್ಟನ್ನು ತಮ್ಮ ಬಳಿ ಉಳಿಸಿಕೊಂಡರು ಎಂದ ಮೇಲೆ ಪ್ರೌಢಶಾಲೆಯ ಟೀಚರು ಗ್ಯಾಸ್ ಹುಡುಗನಿಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಕಾಯಿಲೆಯ ಹೆಸರು ಹೇಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಸ್ತನ ಕ್ಯಾನ್ಸರಿನಿಂದ ಎದ್ದುಬಂದು, ನೀವೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಬರೆಯುವ ಹೆಣ್ಣುಮಕ್ಕಳು ದೊಡ್ಡ ಕೆಲಸ ಮಾಡುತ್ತಿದ್ದಾರೆ. ಆದರೆ ಅದು ಬೇರೆ ಬರಹ. ಅದನ್ನು ಗಾಯ ಮಾಗಿದ ಮೇಲೆ, ಮನಸ್ಸು ಗಟ್ಟಿಯಾದ ಮೇಲೆ, ಬರುವ ಪ್ರಶ್ನೆಗಳಿಗೆ ಉತ್ತರಿಸುವ ತಾಳ್ಮೆ ಬಂದ ಮೇಲೆ ಬರೆಯಬೇಕು. ಡಿಸ್ಚಾರ್ಜ್ ಆದ ಮಧ್ಯಾಹ್ನ, ನೋವಿನ ಮಾತ್ರೆಯ ಮಂಪರಿನಲ್ಲಿ, ಬದುಕಿದೆ ಎಂಬ ಉಕ್ಕಿನಲ್ಲಿ ಬರೆದದ್ದನ್ನು ಮೂರು ದಿನದ ಮೇಲೆ ಓದಿಕೊಂಡರೆ ನಮಗೇ ಮುಜುಗರ.

ಫೋಟೊ ಹೇಳುವ ಸುದ್ದಿ

ಮಾತಿನಲ್ಲಿ ಎಷ್ಟು ಎಚ್ಚರ ವಹಿಸಿದರೂ ಫೋಟೊ ಎಲ್ಲವನ್ನೂ ಹೇಳಿಬಿಡುತ್ತದೆ. ಗೆಳೆಯ ಕಳಿಸಿದ ಎರಡನೇ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಮಡಿಲಲ್ಲಿದ್ದ ಡಿಸ್ಚಾರ್ಜ್ ಹಾಳೆಯ ಮೇಲ್ಭಾಗ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಆ ಹಾಳೆಯಲ್ಲಿ ಸಾಮಾನ್ಯವಾಗಿ ಹೆಸರು, ವಯಸ್ಸು, ವಿಳಾಸ, ಮೊಬೈಲ್ ನಂಬರು, ಆಸ್ಪತ್ರೆಯ ನೋಂದಣಿ ಸಂಖ್ಯೆ, ಯಾವ ವಿಭಾಗ, ಏನು ಕಾಯಿಲೆ, ಹಿಂದಿನ ಕಾಯಿಲೆಗಳೇನು, ಯಾವ ಮಾತ್ರೆ, ಮತ್ತೆ ಯಾವತ್ತು ಬರಬೇಕು ಎಂಬುದೆಲ್ಲ ಇರುತ್ತದೆ. ಕೆಲವು ಕಡೆ 14 ಅಂಕಿಯ ಆಭಾ ಸಂಖ್ಯೆಯೂ ಇರುತ್ತದೆ. ಕೈಗೆ ಕಟ್ಟಿದ ಪಟ್ಟಿಯ ಮೇಲೂ ಹೆಸರು, ಸಂಖ್ಯೆ, ಬಾರ್‌ಕೋಡು. ಇಷ್ಟು ವಿವರ ಒಬ್ಬ ಮೋಸಗಾರನ ಕೈಗೆ ಸಿಕ್ಕರೆ ‘ಆಸ್ಪತ್ರೆಯಿಂದ ಮಾತಾಡ್ತಿದೀವಿ, ನಿಮ್ಮ ಇನ್ಶೂರೆನ್ಸಿನದು ಸ್ವಲ್ಪ ಬಾಕಿ ಇದೆ’ ಎಂದು ಫೋನು ಮಾಡಲು ಇನ್ನೇನೂ ಬೇಡ. ಆಪರೇಷನ್ ಆದ ದಿನಾಂಕ, ಡಾಕ್ಟರ ಹೆಸರು ಸರಿಯಾಗಿ ಹೇಳಿದರೆ ಯಾರಾದರೂ ನಂಬುತ್ತಾರೆ. ಪಕ್ಕದ ಮಂಚದ ರೋಗಿಯ ಮುಖವೂ ಮೊದಲ ಫೋಟೊದಲ್ಲಿ ಅರ್ಧ ಬಂದಿತ್ತು. ಆಕೆಯನ್ನು ಯಾರೂ ಕೇಳಿರಲಿಲ್ಲ.

ಕಾನೂನು ಕಾಪಾಡುತ್ತದಲ್ಲ ಎಂದು ಕೇಳುವವರಿದ್ದಾರೆ. ವೈದ್ಯರು ರೋಗಿಯ ಗುಟ್ಟು ಕಾಯಬೇಕು ಎಂಬ ನಿಯಮ ಇದೆ, ಸರಿ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂರನೇ ಸೆಕ್ಷನ್ನಿನಲ್ಲಿ ಒಂದು ಮಾತಿದೆ: ವ್ಯಕ್ತಿ ತಾನೇ ಸಾರ್ವಜನಿಕವಾಗಿ ಹೊರಗಿಟ್ಟ ತನ್ನ ಮಾಹಿತಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಎಲ್ಲರಿಗೂ ಕಾಣುವಂತೆ ಫೇಸ್‌ಬುಕ್ಕಿನಲ್ಲಿ ನೀವೇ ಹಾಕಿಕೊಂಡ ಕಾಯಿಲೆಯ ಕಥೆಯನ್ನು ಆಮೇಲೆ ಯಾರಾದರೂ ಎತ್ತಿಕೊಂಡರೆ ಈ ಕಾಯ್ದೆಯನ್ನು ಹಿಡಿದು ಜಗಳಕ್ಕೆ ಹೋಗಲಾಗುವುದಿಲ್ಲ.

ಫೋಟೊ ಬೇಕೇ ಬೇಕು ಎಂದಾದರೆ ಮನೆಯದು ಹಾಕಿ. ಟೀಚರು ಕೊನೆಗೆ ಹಾಕಿದ್ದು ತಮ್ಮ ಮನೆಯ ಮುಂದಿನ ಕನಕಾಂಬರದ ಗಿಡದ ಫೋಟೊ. ಅದರ ಮೇಲೆ ಅವರೇ ಹೇಳಿ ಬರೆಸಿದ ಸಾಲುಗಳು ಇವು:

‘ಎಲ್ಲರಿಗೂ ನಮಸ್ಕಾರ. ಆಸ್ಪತ್ರೆಯಿಂದ ಮನೆಗೆ ಬಂದಿದ್ದೇನೆ. ದಿನೇ ದಿನೇ ಚೇತರಿಸಿಕೊಳ್ಳುತ್ತಿದ್ದೇನೆ. ವಿಚಾರಿಸಿದವರಿಗೆ, ಹಾರೈಸಿದವರಿಗೆ, ಜೊತೆಗೆ ನಿಂತವರಿಗೆ ಮನಸಾರೆ ಧನ್ಯವಾದ. ಡಾಕ್ಟರು ಇನ್ನೂ ಕೆಲವು ವಾರ ವಿಶ್ರಾಂತಿ ಹೇಳಿದ್ದಾರೆ, ಸದ್ಯಕ್ಕೆ ಯಾರೂ ಮನೆಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ. ಫೋನು ಎತ್ತದಿದ್ದರೆ ಬೇಸರ ಬೇಡ, ಮೆಸೇಜು ಹಾಕಿ, ನಿಧಾನಕ್ಕೆ ಉತ್ತರ ಬರೆಯುತ್ತೇನೆ. ಶಾಲೆಯಲ್ಲಿ ಸಿಗೋಣ.’

ಓದಿದವರಿಗೆ ಬೇಕಾದದ್ದೆಲ್ಲ ಇದರಲ್ಲಿದೆ. ಮನೆಗೆ ಬಂದರೇ? ಬಂದರು. ಹುಷಾರೇ? ಆಗುತ್ತಿದ್ದಾರೆ. ನಾವೀಗ ಏನು ಮಾಡಬೇಕು? ಮೆಸೇಜು ಹಾಕಬೇಕು, ಬರಬಾರದು. ಇಷ್ಟರಲ್ಲಿ ಯಾವ ಸುಳ್ಳೂ ಇಲ್ಲ, ಮುಂದೆ ವಾಪಸು ತೆಗೆದುಕೊಳ್ಳಬೇಕಾದ ಮಾತೂ ಇಲ್ಲ. ‘ಶಾಲೆಯಲ್ಲಿ ಸಿಗೋಣ’ ಎಂಬುದನ್ನು ಸೇರಿಸಿದವರು ಟೀಚರೇ. ಕೆಲಸಕ್ಕೆ ವಾಪಸು ಬರುತ್ತೇನೆ ಎಂದು ಹೆಡ್‌ಮಾಸ್ಟರಿಗೆ ಹೇಳಿದ ಹಾಗೂ ಆಯಿತು, ಯಾವತ್ತು ಎಂದು ಹೇಳದ ಹಾಗೂ ಆಯಿತು.

ಅಷ್ಟಾದರೂ ‘ಏನಾಗಿತ್ತು ಮೇಡಂ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಮನೆಯವರೆಲ್ಲ ಒಂದೇ ಉತ್ತರ ಕೊಡುವಂತೆ ಮೊದಲೇ ಮಾತಾಡಿಕೊಳ್ಳುವುದು ಮುಖ್ಯ. ಅಮ್ಮ ‘ಸಣ್ಣ ಆಪರೇಷನ್’ ಎಂದು, ಮಗ ‘ಹೊಟ್ಟೆಯ ತೊಂದರೆ’ ಎಂದು, ಚಿಕ್ಕಮ್ಮ ‘ಅಯ್ಯೋ, ಅದೊಂದು ದೊಡ್ಡ ಕಥೆ’ ಎಂದು ಹೇಳಿದರೆ ಮೂರೂ ಸೇರಿ ನಾಲ್ಕನೆಯ ಕಥೆ ಹುಟ್ಟುತ್ತದೆ. ಈ ಮನೆಯಲ್ಲಿ ನಿಗದಿಯಾದ ಉತ್ತರ, ‘ಒಂದು ಆಪರೇಷನ್ ಆಗಬೇಕಿತ್ತು, ಆಯ್ತು, ಈಗ ಆರಾಮ. ನಿಮ್ಮನೇಲಿ ಎಲ್ಲ ಹೇಗಿದಾರೆ?’ ಕೊನೆಯ ಪ್ರಶ್ನೆಯೇ ಇದರ ಬೀಗ. ಹತ್ತರಲ್ಲಿ ಒಂಬತ್ತು ಜನ ತಮ್ಮ ಮನೆಯ ಮಂಡಿನೋವಿನ ಕಥೆಗೆ ಹೊರಳುತ್ತಾರೆ. ಹತ್ತನೆಯವರು ಮತ್ತೆ ಕೇಳಿದರೆ, ‘ಅದನ್ನೆಲ್ಲ ಮತ್ತೆ ನೆನೆಸಿಕೊಳ್ಳೋಕೆ ಮನಸ್ಸಿಲ್ಲ ಕಣ್ರೀ’ ಎಂದರೆ ಮುಗಿಯಿತು, ಯಾರೂ ಮೂರನೇ ಸಲ ಕೇಳುವುದಿಲ್ಲ. ಚಿಕ್ಕಮ್ಮನಿಗೆ ಈ ಪಾಠ ಹೇಳಿಕೊಡಲು ಸ್ವಲ್ಪ ಸಮಯ ಹಿಡಿಯಿತಂತೆ.

ಇನ್ನು ಓದುವವರಾದ ನಮಗೊಂದು ಮಾತು. ಪರಿಚಯದವರು ಇಂಥ ನಾಲ್ಕು ಸಾಲು ಹಾಕಿದರೆ ಅವರು ಹೇಳಬೇಕೆಂದಿದ್ದುದನ್ನು ಅಲ್ಲಿ ಹೇಳಿಯಾಗಿದೆ. ಏನಾಗಿತ್ತು, ಯಾವ ಆಸ್ಪತ್ರೆ, ಎಷ್ಟು ಖರ್ಚಾಯಿತು ಎಂದು ಕೇಳಬೇಡಿ, ನಿಮಗೆ ಗೊತ್ತಿರುವುದನ್ನು ಕೆಳಗೆ ಬರೆಯಬೇಡಿ, ಇನ್ನೊಂದು ಗ್ರೂಪಿಗೆ ಕಳಿಸಬೇಡಿ. ‘ಸಂತೋಷ, ಚೆನ್ನಾಗಿ ವಿಶ್ರಾಂತಿ ತಗೊಳ್ಳಿ, ಉತ್ತರ ಬರೆಯಬೇಕಾಗಿಲ್ಲ’ ಎಂದು ಒಂದು ಸಾಲು ಹಾಕಿ ಸುಮ್ಮನಾಗಿ.